ಶೆಫ್ ಪ್ರೊಫೈಲ್ ಬರೆಯುವಾಗ ಎಷ್ಟು ಎಲೆಗೆ ಬಡಿಸಿದಿರಿ ಅಂತ ಮೊದಲು ಹೇಳಿ

ಕುಂದಾಪುರ ಕಡೆಯ ಒಬ್ಬ ಹುಡುಗ ತನ್ನ ರೆಸ್ಯೂಮೆ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದ. ಒಂಬತ್ತು ವರ್ಷದ ಅನುಭವ, ಬೆಂಗಳೂರಿನ ಒಂದು ದೊಡ್ಡ ಹೋಟೆಲಿನ ಬ್ಯಾಂಕ್ವೆಟ್ ಅಡುಗೆಮನೆಯಲ್ಲಿ ಸಿಡಿಪಿ, ಅಂದರೆ ಶೆಫ್ ಡಿ ಪಾರ್ಟಿ. ಜೂನಿಯರ್ ಸೂ ಶೆಫ್ ಕೆಲಸಕ್ಕೆ ಬೆಂಗಳೂರಿಗೂ ದುಬೈಗೂ ಅರ್ಜಿ ಹಾಕಿ ಹಾಕಿ ಸುಸ್ತಾಗಿದ್ದ, ಒಂದು ಫೋನೂ ಬಂದಿರಲಿಲ್ಲ. ರೆಸ್ಯೂಮೆಯ ಮೊದಲ ಸಾಲು ಹೀಗಿತ್ತು: "ಅಡುಗೆಯ ಮೇಲೆ ಅಪಾರ ಪ್ರೀತಿ ಇರುವ, ಕಷ್ಟಪಟ್ಟು ದುಡಿಯುವ ಮಲ್ಟಿ ಕ್ಯೂಸಿನ್ ಶೆಫ್".

ಈ ಹುಡುಗ ನನಗೆ ಗೊತ್ತು. ಆರುನೂರು ಜನರ ಮದುವೆ ಊಟ ನಡೆಯುತ್ತಿರುವಾಗ ಗಸಿಯನ್ನು ಒಂದೇ ಒಂದು ಸಲ ನಾಲಿಗೆಗೆ ಹಚ್ಚಿ ಹುಣಿಸೆ ಕಡಿಮೆಯಾಗಿದೆ ಅಂತ ಹೇಳುವ ಕೈ ಅವನದು. ಅದರಲ್ಲಿ ಒಂದಕ್ಷರವೂ ಕಾಗದದ ಮೇಲೆ ಇರಲಿಲ್ಲ. ಆ ಮೊದಲ ಸಾಲನ್ನು ನಿನ್ನೆ ಕೆಲಸಕ್ಕೆ ಸೇರಿದ ಕಮಿ ತ್ರೀ ಕೂಡ ಬರೆಯಬಹುದು, ಅಲ್ವಾ?

ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಹೋಟೆಲ್ ಅಡುಗೆಮನೆಯಲ್ಲಿ ಕಳೆದವನು. ಕೊನೆಯ ಕೆಲವು ವರ್ಷ ಸಂದರ್ಶನದ ಮೇಜಿನ ಆ ಕಡೆ ಕೂತಿದ್ದೇನೆ. ಒಂದು ಪ್ರೊಫೈಲ್ ಕೈಗೆ ಬಂದರೆ ನಾವು ನೋಡುವುದು ನಾಲ್ಕೇ ವಿಷಯ. ನಿಮ್ಮ ಕೈಗೆ ಯಾವ ಅಡುಗೆ ಕೂತಿದೆ, ಎಷ್ಟು ದೊಡ್ಡ ಒಲೆಯ ಮುಂದೆ ನಿಂತಿದ್ದೀರಿ, ಶುಚಿತ್ವದ ತರಬೇತಿಗೆ ದಾಖಲೆ ಇದೆಯಾ, ಮತ್ತು ಮೆನುವಿಗೆ ನೀವಾಗಿ ಏನಾದರೂ ಸೇರಿಸಿದ್ದೀರಾ. ಈ ಹುಡುಗನ ಪ್ರೊಫೈಲನ್ನು ನಾವಿಬ್ಬರೂ ಕೂತು ಮತ್ತೆ ಬರೆದೆವು. ಹೇಗೆ ಬರೆದೆವೋ ಅದೇ ಕ್ರಮದಲ್ಲಿ ಇಲ್ಲಿ ಹೇಳುತ್ತೇನೆ. ಉದಾಹರಣೆಯ ಸಾಲುಗಳನ್ನು ಕನ್ನಡದಲ್ಲೇ ಕೊಟ್ಟಿದ್ದೇನೆ. ಕಳುಹಿಸುವಾಗ ಇದೇ ಅರ್ಥದ ಸರಳ ಇಂಗ್ಲಿಷ್ ಸಾಲು ಬರೆದರೆ ಸಾಕು, ಅಲಂಕಾರ ಬೇಡ.

ಹೆಜ್ಜೆ 1: ಕಂಪ್ಯೂಟರ್ ಮುಟ್ಟುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ

ಕೆಲಸ ಮಾಡಿದ ಒಂದೊಂದು ಜಾಗಕ್ಕೂ ಒಂದೊಂದು ಪುಟ ಕೊಡಿ. ಆ ಪುಟದಲ್ಲಿ ನೆನಪಿರುವ ಲೆಕ್ಕವನ್ನೆಲ್ಲ ಬರೆಯಿರಿ. ಹೋಟೆಲಿನಲ್ಲಿ ಎಷ್ಟು ರೂಮು, ಎಷ್ಟು ರೆಸ್ಟೋರೆಂಟು, ಹಾಲ್‌ನಲ್ಲಿ ಎಷ್ಟು ಜನ ಕೂರುತ್ತಾರೆ, ಇಡೀ ಅಡುಗೆಮನೆಯಲ್ಲಿ ಎಷ್ಟು ಜನ, ನಿಮ್ಮ ಸೆಕ್ಷನ್‌ನಲ್ಲಿ ಎಷ್ಟು ಜನ, ಅದರಲ್ಲಿ ನಿಮ್ಮ ಮಾತು ಕೇಳಬೇಕಾದವರು ಎಷ್ಟು ಜನ. ನೀವು ಕಂಡ ಅತಿ ದೊಡ್ಡ ದಿನ ಯಾವುದು, ಅವತ್ತು ನಿಮ್ಮ ಒಲೆಯಿಂದ ಏನೇನು ಹೋಯಿತು.

ನಮ್ಮ ಹುಡುಗನ ಪುಟದಲ್ಲಿ ಬಂದದ್ದು ಇಷ್ಟು. 180 ರೂಮಿನ ಹೋಟೆಲ್, ಎರಡು ರೆಸ್ಟೋರೆಂಟ್, 600 ಜನರ ಹಾಲ್. ಅಡುಗೆಮನೆಯಲ್ಲಿ ಒಟ್ಟು 42 ಜನ, ಇಂಡಿಯನ್ ಬ್ಯಾಂಕ್ವೆಟ್ ಸೆಕ್ಷನ್‌ನಲ್ಲಿ 9 ಜನ, ಅವನ ಕೆಳಗೆ 5 ಕಮಿಗಳು. ದೊಡ್ಡ ದಿನ ಅಂದರೆ ಒಂದೇ ದಿನ ಎರಡು ಮದುವೆ, ಮಧ್ಯಾಹ್ನ 600, ರಾತ್ರಿ 350. ಇದನ್ನೆಲ್ಲ ಅವನು ಕೇಳಿದ ಕೂಡಲೇ ಪಟಪಟ ಅಂತ ಹೇಳಿಬಿಟ್ಟ. ಬರೆಯಬೇಕು ಅನ್ನುವುದು ಮಾತ್ರ ತಲೆಗೆ ಹೊಳೆದಿರಲಿಲ್ಲ.

ಹೆಜ್ಜೆ 2: ಅಡುಗೆಮನೆಯ ಅಳತೆ

ಇದನ್ನು ಮೊದಲು ಬರೆಯಿರಿ ಅನ್ನುವುದು ಯಾಕೆ ಅಂದರೆ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ನಲವತ್ತು ಜನಕ್ಕೆ ಚೆನ್ನಾಗಿ ಗಸಿ ಮಾಡುವವರು ಆರುನೂರು ಜನಕ್ಕೂ ಹಾಗೇ ಮಾಡುತ್ತಾರೆ ಅನ್ನುವ ಖಾತ್ರಿ ಇಲ್ಲ, ಅದು ಬೇರೆಯೇ ಕೆಲಸ.

ಹೋಟೆಲ್ ಭಾಷೆಯಲ್ಲಿ ಅಳತೆ ಅಂದರೆ ಕವರ್. ಒಬ್ಬರಿಗೆ ಒಂದು ಊಟ ಬಡಿಸಿದರೆ ಅದು ಒಂದು ಕವರ್. ಇಲ್ಲಿ ಎಲ್ಲರೂ ಮಾಡುವ ತಪ್ಪು ಏನೆಂದರೆ ಹೋಟೆಲಿನ ಅಳತೆಯನ್ನು ತಮ್ಮ ಅಳತೆ ಅಂತ ಬರೆಯುವುದು. "180 ರೂಮಿನ ಹೋಟೆಲ್‌ನಲ್ಲಿ ಕೆಲಸ" ಅಂದರೆ ಹೋಟೆಲಿನ ಪರಿಚಯ ಆಯಿತು, ನಿಮ್ಮ ಪರಿಚಯ ಆಗಲಿಲ್ಲ. ಅವೆರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಮೊದಲ ಸಾಲು ಹೋಟೆಲ್ ಎಷ್ಟು ದೊಡ್ಡದು ಅಂತ, ಎರಡನೇ ಸಾಲು ನಿಮ್ಮ ಒಲೆ ಎಷ್ಟು ದೊಡ್ಡದು ಅಂತ. ಅವನದು ಹೀಗಾಯಿತು: "180 ರೂಮು, 2 ರೆಸ್ಟೋರೆಂಟ್, 600 ಜನರ ಹಾಲ್ ಇರುವ ಹೋಟೆಲ್, ಒಟ್ಟು 42 ಜನರ ಅಡುಗೆ ತಂಡ. ಇಂಡಿಯನ್ ಬ್ಯಾಂಕ್ವೆಟ್‌ನಲ್ಲಿ ಗ್ರೇವಿ ಮತ್ತು ಅನ್ನದ ಒಲೆ ನನ್ನ ಜವಾಬ್ದಾರಿ, 5 ಕಮಿಗಳು ನನ್ನ ಕೆಳಗೆ. ಒಂದು ದಿನದ ಗರಿಷ್ಠ: ಮಧ್ಯಾಹ್ನ 600, ರಾತ್ರಿ 350."

ಸಂಖ್ಯೆಯನ್ನು ಸುಮ್ನೆ ಹಿಗ್ಗಿಸಬೇಡಿ, ಯಾಕೆಂದರೆ ಓದುವವರಿಗೆ ಲೆಕ್ಕ ಬರುತ್ತದೆ. 180 ರೂಮಿನ ಹೋಟೆಲಿನಲ್ಲಿ ನೂರಕ್ಕೆ ಎಪ್ಪತ್ತು ರೂಮು ತುಂಬಿದರೆ 126 ರೂಮು ಆಯಿತು. ರೂಮಿಗೆ ಸರಾಸರಿ ಒಂದೂವರೆ ಜನಕ್ಕಿಂತ ಸ್ವಲ್ಪ ಜಾಸ್ತಿ ಹಿಡಿದರೂ ಬೆಳಗಿನ ತಿಂಡಿಗೆ ಬರುವವರು ಹೆಚ್ಚುಕಡಿಮೆ 200 ಜನ. ನೀವು "ದಿನಾ ಬೆಳಿಗ್ಗೆ 600 ಕವರ್" ಅಂತ ಬರೆದರೆ ಈ ಲೆಕ್ಕ ಅವರ ತಲೆಯಲ್ಲಿ ಅರ್ಧ ನಿಮಿಷದಲ್ಲಿ ಆಗುತ್ತದೆ, ಆಮೇಲೆ ನೀವು ಬರೆದ ನಿಜವನ್ನೂ ಅವರು ನಂಬುವುದಿಲ್ಲ. ದಿನದ ಸರಾಸರಿ ಬೇರೆ, ಗರಿಷ್ಠ ದಿನ ಬೇರೆ. ಎರಡನ್ನೂ ಹಾಗೆಯೇ ಹೆಸರಿಟ್ಟು ಬರೆದರೆ ಸಣ್ಣ ಸಂಖ್ಯೆಯೂ ಗಟ್ಟಿಯಾಗಿ ನಿಲ್ಲುತ್ತದೆ.

ದರ್ಶಿನಿಯಿಂದ ಬಂದವರು, ಉಡುಪಿ ಹೋಟೆಲಿನಿಂದ ಬಂದವರು, ಮದುವೆ ಅಡುಗೆಯಿಂದ ಬಂದವರು ನನ್ನ ಹತ್ತಿರ ಕೇಳುವುದು ಒಂದೇ: "ಅಣ್ಣ, ನಮಗೆ ಕವರ್ ಲೆಕ್ಕ ಗೊತ್ತಿಲ್ಲ, ಏನು ಬರೆಯೋದು?" ನಿಮ್ಮ ಲೆಕ್ಕ ನಿಮ್ಮ ಹತ್ತಿರ ಇದೆ, ಅದನ್ನು ಬದಲಾಯಿಸಿ ಬರೆಯಬೇಕು ಅಷ್ಟೇ. ದರ್ಶಿನಿಯಲ್ಲಿ ಹಿಟ್ಟಿನ ಲೆಕ್ಕ ಇರುತ್ತದೆ. ದಿನಕ್ಕೆ 40 ಕಿಲೋ ಇಡ್ಲಿ ಅಕ್ಕಿ ನೆನೆ ಹಾಕುತ್ತಿದ್ದಿರಿ, ಉದ್ದು ಸೇರಿ ಕಿಲೋ ಅಕ್ಕಿಗೆ ನಿಮ್ಮ ತಟ್ಟೆಯಲ್ಲಿ 50 ಇಡ್ಲಿ ಬರುತ್ತಿತ್ತು ಅಂದರೆ ದಿನಕ್ಕೆ 2,000 ಇಡ್ಲಿ, ಎರಡೆರಡರಂತೆ 1,000 ಪ್ಲೇಟ್. ಮದುವೆ ಅಡುಗೆಯಲ್ಲಿ ಎಲೆ ಲೆಕ್ಕ ಇರುತ್ತದೆ. 200 ಎಲೆಯ ನಾಲ್ಕು ಪಂಕ್ತಿ ಎಬ್ಬಿಸಿದಿರಿ ಅಂದರೆ 800 ಕವರ್, ಅದೂ ಬಫೆ ಅಲ್ಲ, ಕೂತವರ ಎಲೆಗೆ ಬಿಸಿಬಿಸಿ ಬಡಿಸಿದ್ದು. ಒಂದು ಪಂಕ್ತಿ ಎದ್ದು ಇನ್ನೊಂದು ಕೂರುವ ಮಧ್ಯೆ ಎಷ್ಟು ಹೊತ್ತು ಸಿಗುತ್ತಿತ್ತು ಅನ್ನುವುದನ್ನೂ ಬರೆಯಿರಿ. ದೊಡ್ಡ ಹೋಟೆಲಿನ ಎಷ್ಟೋ ಸೂ ಶೆಫ್‌ಗಳಿಗೆ ಈ ಅನುಭವ ಇಲ್ಲ, ಆದ್ದರಿಂದ ಇದನ್ನು ಕೆಳಗಿನ ಕೆಲಸ ಅಂತ ಮುಚ್ಚಿಡಬೇಡಿ.

ಯಂತ್ರಗಳ ವಿಷಯ ಒಂದೇ ಸಾಲಿನಲ್ಲಿ ಮುಗಿಸಿ. ಕಾಂಬಿ ಓವನ್, ಬ್ರಾಟ್ ಪ್ಯಾನ್, ಬ್ಲಾಸ್ಟ್ ಚಿಲ್ಲರ್, ಟಿಲ್ಟಿಂಗ್ ಗ್ರೈಂಡರ್, ಇವುಗಳಲ್ಲಿ ನೀವೇ ನಡೆಸಿದ್ದನ್ನು ಮಾತ್ರ ಬರೆಯಿರಿ.

ಹೆಜ್ಜೆ 3: ಯಾವ ಅಡುಗೆ ನಿಮ್ಮದು

ಹುಡುಗನ ಹಳೆ ಪ್ರೊಫೈಲ್‌ನಲ್ಲಿ ಹನ್ನೊಂದು ಅಡುಗೆಗಳ ಹೆಸರು ಇತ್ತು. ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ಕಾಂಟಿನೆಂಟಲ್, ಇಟಾಲಿಯನ್, ಥಾಯ್, ಹೀಗೆ. ನಾನು ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿದೆ. ನಾಳೆ ಬೆಳಿಗ್ಗೆ ಯಾರ ಸಹಾಯವೂ ಇಲ್ಲದೆ ಇದರ ಐದು ಐಟಂ ಮಾಡಿ, ಇಬ್ಬರು ಕಮಿಗಳಿಗೆ ಕಲಿಸುತ್ತೀಯಾ? ಹನ್ನೊಂದರಲ್ಲಿ ಎರಡು ಉಳಿಯಿತು. ಅವನ ಮುಖ ಸಣ್ಣದಾಯಿತು, ಆದರೆ ಪ್ರೊಫೈಲ್ ಬಲವಾದದ್ದು ಅಲ್ಲಿಂದಲೇ.

ಹಾಗಂತ ಉಳಿದದ್ದನ್ನು ಬಿಸಾಡಬೇಕಿಲ್ಲ. ಮೂರು ಮೆಟ್ಟಿಲು ಮಾಡಿ. ಮೊದಲ ಮೆಟ್ಟಿಲಲ್ಲಿ ನೀವೇ ರೆಸಿಪಿ ಕಟ್ಟಿ ಇನ್ನೊಬ್ಬರಿಗೆ ಕಲಿಸಬಲ್ಲ ಅಡುಗೆ. ಎರಡನೆಯದರಲ್ಲಿ ರೆಸಿಪಿ ಕೊಟ್ಟರೆ ಒಲೆ ನಡೆಸಬಲ್ಲ ಅಡುಗೆ. ಮೂರನೆಯದರಲ್ಲಿ ಪಕ್ಕದಲ್ಲಿ ನಿಂತು ಮಾಡಿದ್ದು, ಪರಿಚಯ ಇರುವುದು. ಅವನ ಮೊದಲ ಮೆಟ್ಟಿಲಲ್ಲಿ ಕರಾವಳಿ ಕರ್ನಾಟಕದ ಅಡುಗೆ ಮತ್ತು ಬ್ಯಾಂಕ್ವೆಟ್‌ನ ನಾರ್ತ್ ಇಂಡಿಯನ್ ಗ್ರೇವಿಗಳು ಬಂದವು. ಎರಡನೆಯದರಲ್ಲಿ ತಂದೂರ್ ಮತ್ತು ಇಂಡಿಯನ್ ಚೈನೀಸ್. ಕಾಂಟಿನೆಂಟಲ್ ಮೂರನೆಯದಕ್ಕೆ ಹೋಯಿತು. ಥಾಯ್, ಇಟಾಲಿಯನ್ ಹೊರಗೆ ಹೋದವು.

"ಸೌತ್ ಇಂಡಿಯನ್" ಅಂತ ಬರೆದರೆ ದೆಹಲಿಯಲ್ಲೋ ದುಬೈನಲ್ಲೋ ಕೂತವರಿಗೆ ಇಡ್ಲಿ, ದೋಸೆ, ಸಾಂಬಾರ್ ಮಾತ್ರ ಕಾಣುತ್ತದೆ. ನಿಮ್ಮ ಕೈ ಯಾವ ಸೀಮೆಯದ್ದು ಅಂತ ಹೇಳಿ, ಅದರ ಕೆಳಗೆ ನಾಲ್ಕೈದು ಐಟಂ ಹೆಸರಿಸಿ. ಕೋಳಿ ಗಸಿ, ಸುಕ್ಕ, ಕಾಣೆ ರವಾ ಫ್ರೈ, ನೀರ್ ದೋಸೆ, ಕೋರಿ ರೊಟ್ಟಿ ಅಂದರೆ ಅದು ಕರಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ ಅಂದರೆ ಉತ್ತರ ಕರ್ನಾಟಕ. ಹೊರಗಿನವರಿಗೆ ಗೊತ್ತಾಗಲಿ ಅಂತ ಪ್ರತಿ ಹೆಸರಿನ ಪಕ್ಕ ನಾಲ್ಕು ಮಾತಿನ ವಿವರ ಕೊಡಿ. "ನೀರ್ ದೋಸೆ, ಹುದುಗಿಸದ ತೆಳು ಅಕ್ಕಿ ದೋಸೆ" ಅಂದರೆ ಸಾಕು.

ಒಂದು ಎಚ್ಚರಿಕೆ. ಮೇಲೆ ಯಾವ ಹೆಸರು ಬರೆಯುತ್ತೀರೋ ಟ್ರಯಲ್‌ನಲ್ಲಿ ಅದನ್ನೇ ಮಾಡಿಸುತ್ತಾರೆ, ಅದರ ಬಗ್ಗೆಯೇ ಕೆದಕುತ್ತಾರೆ. ಕೊಡಗಿನ ಪಂದಿ ಕರಿ ಅಂತ ಬರೆದವರೊಬ್ಬರಿಗೆ ಕಾಚಂಪುಳಿ ಯಾವಾಗ ಹಾಕುತ್ತೀರಿ ಅಂತ ನಾನೇ ಕೇಳಿದ್ದೆ. ಮೊದಲೇ ಮಸಾಲೆ ಜೊತೆ ಹಾಕುತ್ತೇನೆ ಅಂದರು. ಅದನ್ನು ಹಾಕುವುದು ಮಾಂಸ ಬೆಂದ ಮೇಲೆ, ಕೊನೆಗೆ. ಒಂದೇ ಉತ್ತರದಲ್ಲಿ ಅವರು ಅದನ್ನು ಮಾಡಿಲ್ಲ, ನೋಡಿದ್ದಾರೆ ಅಷ್ಟೇ ಅಂತ ಗೊತ್ತಾಯಿತು. ಹಾಗೆಯೇ ಗಸಿ ಅಂತ ಬರೆದರೆ ಬ್ಯಾಡಗಿ ಮೆಣಸಿನಕಾಯಿ ಯಾಕೆ ಅಂತ ಕೇಳುತ್ತಾರೆ. ಬಣ್ಣ ಜಾಸ್ತಿ, ಖಾರ ಕಡಿಮೆ, ಅದಕ್ಕೇ ಮಸಾಲೆ ಗಟ್ಟಿಯಾಗಿ ಹಾಕಬಹುದು ಅನ್ನುವ ಉತ್ತರ ಬಾಯಲ್ಲೇ ಇರಬೇಕು.

ಹೆಜ್ಜೆ 4: ಶುಚಿತ್ವದ ಸರ್ಟಿಫಿಕೇಟ್, ಯಾರದು ಅಂತ ನೋಡಿ ಬರೆಯಿರಿ

ಇಲ್ಲಿ ನಾನೇ ಒಂದು ಕೆಲಸ ಕಳೆದುಕೊಂಡಿದ್ದೇನೆ. ಹಳೆ ಮಾತು. ನಾನಿದ್ದ ಹೋಟೆಲಿಗೆ ಐಎಸ್‌ಒ 22000 ಸಿಕ್ಕಿತ್ತು, ಆ ಖುಷಿಯಲ್ಲಿ ನನ್ನ ಪ್ರೊಫೈಲ್‌ನಲ್ಲಿ "ಐಎಸ್‌ಒ 22000 ಸರ್ಟಿಫೈಡ್ ಶೆಫ್" ಅಂತ ಬರೆದುಕೊಂಡಿದ್ದೆ. ಸಂದರ್ಶನದಲ್ಲಿ ದೊಡ್ಡ ಶೆಫ್ ಕೇಳಿದರು, "ಈ ಸರ್ಟಿಫಿಕೇಟ್ ನಿಮ್ಮ ಹೆಸರಲ್ಲಿದೆಯಾ, ಹೋಟೆಲಿನ ಹೆಸರಲ್ಲಿದೆಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಂದಾಚೆ ಅವರು ಏನು ಕೇಳಿದರೂ ಅನುಮಾನದಿಂದಲೇ ಕೇಳಿದರು.

ವ್ಯತ್ಯಾಸ ಇಷ್ಟೇ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಆ 14 ಅಂಕಿಯ ನಂಬರ್, ಹೋಟೆಲಿನದು. ಐಎಸ್‌ಒ 22000 ಕೂಡ ಸಂಸ್ಥೆಯದು. ನಿಮ್ಮ ಹೆಸರಲ್ಲಿ ಬರುವುದು ತರಬೇತಿಯ ಸರ್ಟಿಫಿಕೇಟ್. ನಮ್ಮ ದೇಶದಲ್ಲಿ ಮುಖ್ಯವಾದದ್ದು ಎಫ್‌ಎಸ್‌ಎಸ್‌ಎಐನ ಫೋಸ್ಟ್ಯಾಕ್ ತರಬೇತಿ. ಅದನ್ನು ಮುಗಿಸಿದವರು ಫುಡ್ ಸೇಫ್ಟಿ ಸೂಪರ್‌ವೈಸರ್ ಆಗುತ್ತಾರೆ. ಲೈಸೆನ್ಸ್ ಇರುವ ಜಾಗದಲ್ಲಿ ಆಹಾರ ಮುಟ್ಟುವ ಪ್ರತಿ 25 ಜನಕ್ಕೆ ಒಬ್ಬರಾದರೂ ಹೀಗೆ ತರಬೇತಿ ಆದವರು ಇರಬೇಕು ಅನ್ನುವ ನಿಯಮ ಇದೆ. ಅಂದರೆ 42 ಜನರ ಅಡುಗೆಮನೆಗೆ ಕನಿಷ್ಠ ಇಬ್ಬರು ಬೇಕು. ನೀವು ಅವರಲ್ಲಿ ಒಬ್ಬರಾಗಿದ್ದರೆ ಅದನ್ನು ಬರೆಯಿರಿ, ಹೊಸ ಹೋಟೆಲಿಗೆ ಅದು ನೇರ ಉಪಯೋಗ. ಬರೆಯುವಾಗ ತರಬೇತಿಯ ಹಂತ, ವಿಷಯ, ಸರ್ಟಿಫಿಕೇಟ್ ನಂಬರ್, ಮುಗಿಯುವ ದಿನಾಂಕ ನಾಲ್ಕೂ ಇರಲಿ. ಇದರ ಅವಧಿ ಎರಡು ವರ್ಷ. ನಮ್ಮ ಹುಡುಗನದು ಮುಗಿದು ಏಳು ತಿಂಗಳಾಗಿತ್ತು, ಅವನಿಗೆ ಗೊತ್ತೇ ಇರಲಿಲ್ಲ. ಮೊದಲು ಮತ್ತೆ ತರಬೇತಿಗೆ ಕೂರಿಸಿ, ಆಮೇಲೆ ಈ ಸಾಲು ಬರೆದೆವು.

ದುಬೈಗೆ ಕಳುಹಿಸುವುದಾದರೆ ಒಂದು ವಿಷಯ ತಿಳಿದಿರಲಿ. ಅಲ್ಲಿನ ಮುನ್ಸಿಪಾಲಿಟಿ ನಿಯಮದಲ್ಲಿ ಪಿಐಸಿ ಅಂತ ಒಂದಿದೆ, ಅಡುಗೆಮನೆಯ ಆಹಾರ ಸುರಕ್ಷತೆಗೆ ಹೊಣೆ ಹೊರುವ, ತರಬೇತಿ ಆದ ವ್ಯಕ್ತಿ. ಅದು ಅಲ್ಲಿಗೆ ಹೋದ ಮೇಲೆ ಆಗುವ ಕೆಲಸ. ಇಲ್ಲಿನ ಫೋಸ್ಟ್ಯಾಕ್ ಅದರ ಬದಲಿಗೆ ನಡೆಯುತ್ತದೆ ಅಂತ ಬರೆಯಬೇಡಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಎಚ್‌ಎಸಿಸಿಪಿ ತರಬೇತಿ ಆಗಿದ್ದರೆ ಯಾವ ಸಂಸ್ಥೆ ಕೊಟ್ಟದ್ದು, ಯಾವ ಹಂತ ಅಂತ ಸೇರಿಸಿ.

ಸರ್ಟಿಫಿಕೇಟಿನ ಕೆಳಗೆ ಒಂದು ಸಾಲು ಕೆಲಸದ್ದು ಬರಬೇಕು. ಯಾಕೆಂದರೆ ಎರಡು ದಿನ ಕ್ಲಾಸಿನಲ್ಲಿ ಕೂತವರು ಬೇರೆ, ದಿನಾ ಥರ್ಮಾಮೀಟರ್ ಹಿಡಿದವರು ಬೇರೆ. ಅವನನ್ನು ಕೇಳಿದೆ, ಮದುವೆ ಮುಗಿದ ಮೇಲೆ ನಾಳೆಗೆ ಅಂತ ಮಾಡಿಟ್ಟ ನಲವತ್ತು ಲೀಟರ್ ಗಸಿಯ ಬೇಸ್ ಇದೆ, ಏನು ಮಾಡುತ್ತೀಯ? ಅವನು ಹೇಳಿದ್ದು ಇದು. "ಪಾತ್ರೆಯಲ್ಲೇ ಇಟ್ಟರೆ ಮಧ್ಯದ ಬಿಸಿ ಇಳಿಯೋದಿಲ್ಲ ಸರ್, ತೆಂಗಿನಕಾಯಿ ಮಸಾಲೆ, ಬೆಳಿಗ್ಗೆ ನೋಡಿದರೆ ಹುಳಿ ವಾಸನೆ. ಅದಕ್ಕೆ ಎರಡು ಇಂಚು ಆಳದ ಟ್ರೇಗಳಿಗೆ ಹರವಿ ಬ್ಲಾಸ್ಟ್ ಚಿಲ್ಲರ್‌ಗೆ ಹಾಕ್ತೇನೆ. ಚಿಲ್ಲರ್ ತುಂಬಿದ್ದರೆ ಟ್ರೇ ಕೆಳಗೆ ಐಸ್. ಎರಡು ಗಂಟೆಯೊಳಗೆ 60 ಡಿಗ್ರಿಯಿಂದ 21ಕ್ಕೆ ಬರಬೇಕು, ಅಲ್ಲಿಂದ ನಾಲ್ಕು ಗಂಟೆಯೊಳಗೆ 5ಕ್ಕೆ. ಎರಡೂ ಸಲ ಬರೆದು ಸಹಿ ಹಾಕ್ತೇನೆ. ಇಳಿಯದಿದ್ದರೆ ಬಿಸಾಡೋದೇ."

ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಪ್ರೊಫೈಲ್‌ನಲ್ಲಿ ಅದು ಒಂದೇ ಸಾಲಾಯಿತು: "ಬ್ಯಾಂಕ್ವೆಟ್ ಗ್ರೇವಿಗಳ ಕೂಲಿಂಗ್ ಮತ್ತು ಮತ್ತೆ ಬಿಸಿ ಮಾಡುವ ತಾಪಮಾನದ ದಾಖಲೆ ಪುಸ್ತಕ ಎರಡು ವರ್ಷ ನನ್ನ ಹೊಣೆಯಲ್ಲಿತ್ತು." ಓದಿದವರು ಖಂಡಿತ ಅದರ ಮೇಲೆ ಪ್ರಶ್ನೆ ಕೇಳುತ್ತಾರೆ, ಅವನಿಗೆ ಉತ್ತರ ಗೊತ್ತಿದೆ.

ವರ್ಷಕ್ಕೊಮ್ಮೆ ಮಾಡಿಸುವ ವೈದ್ಯಕೀಯ ತಪಾಸಣೆ, ಟೈಫಾಯಿಡ್ ಲಸಿಕೆಯ ದಾಖಲೆ ಕೈಯಲ್ಲಿರಲಿ. ಪ್ರೊಫೈಲ್‌ಗೆ ಅಂಟಿಸುವುದು ಬೇಡ, ಕೇಳಿದಾಗ ಕೊಟ್ಟರಾಯಿತು.

ಹೆಜ್ಜೆ 5: ಮೆನುವಿಗೆ ನೀವು ಸೇರಿಸಿದ್ದು

ಕೆಳಗಿನ ಹುದ್ದೆಯಿಂದ ಮೇಲೆ ಹೋಗುವವರು ಎಡವುವುದು ಇಲ್ಲೇ. "ಮೆನು ಡೆವಲಪ್‌ಮೆಂಟ್‌ನಲ್ಲಿ ಭಾಗವಹಿಸಿದ್ದೇನೆ" ಅಂತ ಬರೆಯುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಹತ್ತು ಐಟಂ ಹೆಸರು ಬೇಡ, ಒಂದೇ ಒಂದು ಐಟಂ ತೆಗೆದುಕೊಂಡು ಅದು ಹೇಗೆ ಹುಟ್ಟಿತು, ಏನು ಕೆಟ್ಟಿತು, ಹೇಗೆ ಸರಿಮಾಡಿದಿರಿ, ಎಷ್ಟು ಖರ್ಚು ಬಿತ್ತು ಅಂತ ತೋರಿಸಿ.

ಹುಡುಗನ ಹತ್ತಿರ ಅಂಥದ್ದು ಒಂದಿತ್ತು, ಅವನೇ ಅದನ್ನು ದೊಡ್ಡದು ಅಂದುಕೊಂಡಿರಲಿಲ್ಲ. ಮದುವೆ ಬಫೆಯಲ್ಲಿ ನೀರ್ ದೋಸೆ, ಕೋಳಿ ಗಸಿ ಇಡಬೇಕು ಅಂತ ಅವನು ಹೇಳಿದ. ಮೊದಲ ಟ್ರಯಲ್‌ನಲ್ಲಿ ದೋಸೆಗಳನ್ನು ಹಿಂದೆಯೇ ಹುಯ್ದು ಚೇಫಿಂಗ್ ಡಿಶ್‌ನಲ್ಲಿ ಇಟ್ಟರು. ಕಾಲು ಗಂಟೆಯಲ್ಲಿ ಹಬೆಗೆ ಎಲ್ಲ ಅಂಟಿಕೊಂಡು ಒಂದೇ ಮುದ್ದೆ. ಮನೆಯಲ್ಲಿ ನೀರ್ ದೋಸೆ ಹುಯ್ದವರಿಗೆ ಗೊತ್ತು, ಬಿಸಿಯಲ್ಲಿ ಒಂದರ ಮೇಲೊಂದು ಪೇರಿಸಬಾರದು. ಹಾಗಾಗಿ ಲೈವ್ ಕೌಂಟರ್ ಬೇಕೇಬೇಕು ಅಂತಾಯಿತು.

ಆಮೇಲೆ ಅವನು ಲೆಕ್ಕ ಹಾಕಿದ. 600 ಜನರಲ್ಲಿ ನೂರಕ್ಕೆ ಅರವತ್ತು ಜನ ಬರುತ್ತಾರೆ, ತಲೆಗೆ ಎರಡು ದೋಸೆ, ಒಟ್ಟು 720. ಒಬ್ಬರು ನಾಲ್ಕು ಕಾವಲಿ ನೋಡಿಕೊಂಡರೆ, ಎಣ್ಣೆ ಒರೆಸಿ, ಹುಯ್ದು, ಮುಚ್ಚಿ, ತೆಗೆಯಲು ಒಂದೂವರೆ ನಿಮಿಷ ಹಿಡಿದರೆ ಗಂಟೆಗೆ 160 ದೋಸೆ. ಎರಡು ಗಂಟೆಯ ಬಫೆಗೆ 320. ಅಂದರೆ ಎರಡು ಕೌಂಟರ್‌ನಲ್ಲಿ 640, ಇನ್ನೂ 80 ಕಡಿಮೆ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ ಜನ ಎರಡು ಗಂಟೆಯಲ್ಲಿ ಸಮವಾಗಿ ಬರುವುದಿಲ್ಲ, ಮುಹೂರ್ತ ಮುಗಿದ ಕೂಡಲೇ ಒಟ್ಟಿಗೆ ನುಗ್ಗುತ್ತಾರೆ. ಮೂರನೇ ಕೌಂಟರ್‌ಗೆ ಜಾಗ ಇರಲಿಲ್ಲ. ಅದಕ್ಕೆ ಅವನು ಹಿಂದಿನ ಅಡುಗೆಮನೆಯಲ್ಲಿ ಒಬ್ಬನನ್ನು ಕೂರಿಸಿ, ದೋಸೆಯನ್ನು ಒಂದೊಂದಾಗಿ ಟ್ರೇಯಲ್ಲಿ ಹರವಿ, ಬಿಸಿ ಹಬೆ ಹೋದ ಮೇಲೆ ನಾಲ್ಕು ಮಡಿಕೆ ಮಾಡಿ, ಬಾಳೆಲೆಯ ನಡುವೆ ಇಟ್ಟು ನೂಕುನುಗ್ಗಲಿನ ಹೊತ್ತಿಗೆ ಮಾತ್ರ ಕಳುಹಿಸಿದ. ಕೌಂಟರ್‌ನಲ್ಲಿ ಒಬ್ಬರಿಗೆ ಒಂದೇ ಬಿಸಿ ದೋಸೆ, ಬೇಕಾದವರು ಮತ್ತೆ ಬರಲಿ ಅಂತ ಮಾಡಿದ. ಅಕ್ಕಿಯ ಲೆಕ್ಕ, ಕಿಲೋಗೆ 50 ದೋಸೆಯಂತೆ 15 ಕಿಲೋ ನೆನೆ ಹಾಕಿದರೆ ಸ್ವಲ್ಪ ಉಳಿಯುತ್ತದೆ. ಹಿಟ್ಟು ತಳಕ್ಕೆ ಕೂರುತ್ತದೆ, ಪ್ರತಿ ಸಲ ಸೌಟು ಹಾಕುವಾಗ ಕಲಕಬೇಕು ಅನ್ನುವುದನ್ನು ರೆಸಿಪಿ ಕಾರ್ಡಿನಲ್ಲೇ ಬರೆದಿದ್ದ. ಹೊಸ ಕಮಿಗಳು ತಪ್ಪುವುದು ಅಲ್ಲೇ, ಮೊದಮೊದಲು ದೋಸೆ ಹರಿದುಹೋಗುತ್ತದೆ, ಕೊನೆಗೆ ದಪ್ಪ ಆಗುತ್ತದೆ.

ಗಸಿಯಲ್ಲೂ ಒಂದು ಪಾಠ ಇತ್ತು. ಹತ್ತು ಪೋರ್ಷನ್ ರೆಸಿಪಿಯನ್ನು ನೂರಕ್ಕೆ ಏರಿಸುವಾಗ ನೀರನ್ನೂ ಹತ್ತು ಪಟ್ಟು ಹಾಕಿದ್ದರಿಂದ ತೆಳ್ಳಗಾಯಿತು. ದೊಡ್ಡ ಪಾತ್ರೆಯಲ್ಲಿ ಅಷ್ಟು ಪಾಲು ನೀರು ಆವಿಯಾಗಿ ಹೋಗುವುದಿಲ್ಲ. ಅದಕ್ಕೆ ನೀರು, ಉಪ್ಪು, ಹುಣಿಸೆ ಮೂರನ್ನೂ ಕಡಿಮೆಯಿಂದ ಶುರುಮಾಡಿ ಕೊನೆಗೆ ಸರಿಮಾಡುವುದು ಅಂತ ನೂರರ ಕಾರ್ಡನ್ನು ಬೇರೆಯೇ ಬರೆದ. ಸೂ ಶೆಫ್‌ಗೆ ಇರಬೇಕಾದ ಬುದ್ಧಿ ಇದೇ.

ಅದೇ ಐಟಂ ಮುಂದೆ ರೆಸ್ಟೋರೆಂಟ್ ಮೆನುವಿಗೂ ಹೋಯಿತು, ಮೂರು ದೋಸೆ ಮತ್ತು 150 ಗ್ರಾಂ ಕೋಳಿಯ ಗಸಿ, 260 ರೂಪಾಯಿಗೆ. ಫುಡ್ ಕಾಸ್ಟ್ ಎಷ್ಟು ಅಂದೆ. ಅವನ ಲೆಕ್ಕದಲ್ಲಿ ಕೋಳಿ 39 ರೂಪಾಯಿ (ಕಿಲೋ 260ರಂತೆ), ತೆಂಗಿನಕಾಯಿ 10, ಮೆಣಸು ಮಸಾಲೆ ಈರುಳ್ಳಿ 7, ಎಣ್ಣೆ 4, ದೋಸೆ 8, ಒಟ್ಟು 68. ನಾನು ಕೇಳಿದೆ, ಕೋಳಿ ಕತ್ತರಿಸಿ ಕೊಬ್ಬು, ಚೂರು ತೆಗೆದ ಮೇಲೆ ಎಷ್ಟು ಉಳಿಯುತ್ತದೆ? ನೂರಕ್ಕೆ 92 ಅಂದ. ಹಾಗಾದರೆ 150 ಗ್ರಾಂ ತಟ್ಟೆಗೆ ಬೀಳಲು 163 ಗ್ರಾಂ ಕೊಳ್ಳಬೇಕು, ಕೋಳಿಯ ಖರ್ಚು 39 ಅಲ್ಲ, 42. ಒಟ್ಟು 71, ಅದನ್ನು 260ರಿಂದ ಭಾಗಿಸಿದರೆ ನೂರಕ್ಕೆ 27 ಚಿಲ್ಲರೆ. ಅಷ್ಟೇ ಬರೆದೆವು. ಸಂದರ್ಶನದಲ್ಲಿ "ಟ್ರಿಮ್ ಲಾಸ್ ಸೇರಿಸಿದ್ದೀರಾ" ಅಂತ ಕೇಳುವವರು ತುಂಬಾ ಜನ ಇದ್ದಾರೆ, ಹೌದು ಅನ್ನುವಂತೆ ಇರಬೇಕು. ದರಗಳು ನಿಮ್ಮೂರಿನಲ್ಲಿ ಬೇರೆ ಇರುತ್ತವೆ, ಲೆಕ್ಕದ ದಾರಿ ಇದೇ.

ಪ್ರೊಫೈಲ್‌ಗೆ ಇಷ್ಟು ಉದ್ದ ಬೇಡ. ಹೀಗೆ ಮೂರು ಸಾಲು ಸಾಕಾಯಿತು: "ನೀರ್ ದೋಸೆ, ಕೋಳಿ ಗಸಿ ಲೈವ್ ಕೌಂಟರ್: ನನ್ನ ಸಲಹೆ, ನನ್ನ ರೆಸಿಪಿ. 600 ಜನರ ಬಫೆಗೆ ಎರಡು ಕೌಂಟರ್, ಹಿಂದೆ ಒಬ್ಬ ಸಹಾಯಕ, 10 ಮತ್ತು 100 ಪೋರ್ಷನ್‌ಗೆ ಬೇರೆ ಬೇರೆ ರೆಸಿಪಿ ಕಾರ್ಡ್. ಮುಂದೆ ರೆಸ್ಟೋರೆಂಟ್ ಮೆನುವಿಗೆ ಸೇರಿತು, ಟ್ರಿಮ್ ಲಾಸ್ ಸೇರಿ ಫುಡ್ ಕಾಸ್ಟ್ ನೂರಕ್ಕೆ 27."

ಎರಡು ಮಾತು ನೆನಪಿಡಿ. ನೀವು ಮಾಡಿದ್ದು ಯಾವುದು, ನಿಮ್ಮ ದೊಡ್ಡ ಶೆಫ್ ಮಾಡಿದ್ದಕ್ಕೆ ನೀವು ಕೈಜೋಡಿಸಿದ್ದು ಯಾವುದು ಅಂತ ಬೇರೆ ಮಾಡಿ ಬರೆಯಿರಿ. ಈ ಕ್ಷೇತ್ರ ಚಿಕ್ಕದು, ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ. ಹಾಗೆಯೇ ಹೋಟೆಲಿನ ರೆಸಿಪಿ ಕಾರ್ಡುಗಳ ಫೋಟೋ ಹಾಕಬೇಡಿ. ಅವು ಹೋಟೆಲಿನ ಸ್ವತ್ತು, ಇವತ್ತು ಅವರದನ್ನು ಹಂಚಿದವರು ನಾಳೆ ನಮ್ಮದನ್ನೂ ಹಂಚುತ್ತಾರೆ ಅಂತ ಓದುವವರಿಗೆ ಅನ್ನಿಸುತ್ತದೆ.

ಹೆಜ್ಜೆ 6: ಜೋಡಿಸುವುದು, ಕಳುಹಿಸುವುದು

ಮೇಲಿನದೆಲ್ಲ ಆದ ಮೇಲೆ ತಲೆಬರಹ ಬರೆಯಿರಿ, ಮೊದಲು ಬರೆಯಬೇಡಿ. ಅವನದು ಕೊನೆಗೆ ಹೀಗಾಯಿತು: "ಶೆಫ್ ಡಿ ಪಾರ್ಟಿ, ಇಂಡಿಯನ್ ಬ್ಯಾಂಕ್ವೆಟ್, 9 ವರ್ಷ. ಕರಾವಳಿ ಕರ್ನಾಟಕದ ಅಡುಗೆ. 600 ಕವರ್ ಬಫೆ, 5 ಜನರ ತಂಡ. ಫೋಸ್ಟ್ಯಾಕ್ ಇದೆ, ಅವಧಿಯೊಳಗಿದೆ. ಜೂನಿಯರ್ ಸೂ ಶೆಫ್ ಹುದ್ದೆಗೆ." ನಾಲ್ಕರಲ್ಲಿ ಮೂರು ವಿಷಯ ಒಂದೇ ಉಸಿರಿನಲ್ಲಿ ಬಂತು, ಮೆನುವಿನ ಮಾತು ಒಳಗಿನ ಪುಟದಲ್ಲಿದೆ. ಉಳಿದದ್ದು ಎರಡು ಪುಟದೊಳಗೆ ಇರಲಿ, ಇತ್ತೀಚಿನ ಕೆಲಸ ಮೇಲೆ, ಹಳೆಯದು ಕೆಳಗೆ, ಮೊದಲ ಎರಡು ವರ್ಷದ ಕಮಿ ಕೆಲಸಕ್ಕೆ ಒಂದು ಸಾಲು ಸಾಕು.

ಹೋಟೆಲ್ ಮ್ಯಾನೇಜ್‌ಮೆಂಟ್ ಓದಿಲ್ಲದವರು ಆ ಜಾಗ ಖಾಲಿ ಬಿಟ್ಟು ಹೆದರಬೇಡಿ. ಕೆಲಸ ಮಾಡಿಯೇ ಕಲಿತವರ ಕೌಶಲ್ಯ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಅನ್ನುವ ವ್ಯವಸ್ಥೆ ಇದೆ. ಹೋಟೆಲ್ ಕೆಲಸಕ್ಕೆ ಅದನ್ನು ನೋಡುವುದು ಟೂರಿಸಂ ಅಂಡ್ ಹಾಸ್ಪಿಟಾಲಿಟಿ ಸ್ಕಿಲ್ ಕೌನ್ಸಿಲ್. ವಿಚಾರಿಸಿ.

ಫೋಟೋ ಆರು ಸಾಕು. ನಾಲ್ಕು ನಿಮ್ಮ ಮೊದಲ ಮೆಟ್ಟಿಲಿನ ಐಟಂಗಳದ್ದು, ನೀವೇ ಮಾಡಿ ನೀವೇ ತೆಗೆದದ್ದು. ಒಂದು ದೊಡ್ಡ ಪ್ರಮಾಣದ ಅಡುಗೆಯದ್ದು, ಬ್ರಾಟ್ ಪ್ಯಾನ್ ಪೂರ್ತಿ ಗಸಿ ಇರುವಂಥದ್ದು. ಇನ್ನೊಂದು ಕೌಂಟರ್ ಅಥವಾ ಬಫೆ ಸಾಲು, ಅತಿಥಿಗಳ ಮುಖ ಕಾಣದ ಹಾಗೆ. ನಾವು ತಟ್ಟೆಗಿಂತ ಮೊದಲು ಅದರ ಹಿಂದೆ ಏನಿದೆ ಅಂತ ನೋಡುತ್ತೇವೆ. ಕೊಳಕು ಒರೆಸುವ ಬಟ್ಟೆ, ಟೋಪಿ ಇಲ್ಲದ ತಲೆ, ಕೈಯಲ್ಲಿ ಉಂಗುರ, ಹಸಿ ಕೋಳಿಯ ಪಕ್ಕ ಕೊತ್ತಂಬರಿ ಸೊಪ್ಪು. ಇವುಗಳಲ್ಲಿ ಒಂದು ಕಂಡರೂ ಶುಚಿತ್ವದ ಬಗ್ಗೆ ನೀವು ಬರೆದದ್ದೆಲ್ಲ ಬಿದ್ದುಹೋಯಿತು. ಹುಡುಗನ ಒಂದು ಒಳ್ಳೆಯ ಕಾಣೆ ಫ್ರೈ ಫೋಟೋವನ್ನು ಇದೇ ಕಾರಣಕ್ಕೆ ತೆಗೆದುಹಾಕಿದೆವು. ಹಿಂದೆ ಯಾರೋ ನೀರಿನ ಬಾಟಲಿಯನ್ನು ಕಟಿಂಗ್ ಬೋರ್ಡ್ ಮೇಲೆ ಇಟ್ಟಿದ್ದರು.

ಪಿಡಿಎಫ್ ಮಾಡಿ, ಫೈಲಿಗೆ ಅರ್ಥ ಇರುವ ಹೆಸರು ಕೊಡಿ. `resume-final-new2.pdf` ಅಂತ ಬಂದರೆ ಮತ್ತೆ ಹುಡುಕಲು ಆಗುವುದಿಲ್ಲ. `CDP-Indian-Banquet-9yrs.pdf` ಅಂತಿದ್ದು ಮುಂದೆ ನಿಮ್ಮ ಹೆಸರಿದ್ದರೆ ತೆರೆಯುವ ಮೊದಲೇ ಅರ್ಧ ವಿಷಯ ತಿಳಿಯಿತು. ದುಬೈಗೆ ಕಳುಹಿಸುವ ಪ್ರತಿಯಲ್ಲಿ ನಾರ್ತ್ ಇಂಡಿಯನ್ ಗ್ರೇವಿ, ಬ್ಯಾಂಕ್ವೆಟ್ ಸಂಖ್ಯೆ ಮೇಲೆ ಬರಲಿ. ಕರಾವಳಿಯ ರೆಸಾರ್ಟಿಗೆ ಕಳುಹಿಸುವಾಗ ಮೀನು, ಗಸಿ ಮೇಲೆ ಬರಲಿ. ಇರುವ ಸಾಲುಗಳೇ, ಕ್ರಮ ಮಾತ್ರ ಬೇರೆ.

ಕಳುಹಿಸುವ ಹಿಂದಿನ ರಾತ್ರಿ ಪ್ರೊಫೈಲನ್ನು ನಿಮ್ಮ ಜೊತೆ ಕೆಲಸ ಮಾಡುವ ಒಬ್ಬ ಕಮಿಗೆ ಓದಲು ಕೊಡಿ. "ಅಣ್ಣ, ಇದು ನೀವು ಮಾಡಿದ್ದಲ್ವಲ್ಲ" ಅಂತ ಅವನು ಯಾವ ಸಾಲಿಗೆ ಅನ್ನುತ್ತಾನೋ ಆ ಸಾಲು ತೆಗೆಯಿರಿ. ನಮ್ಮ ಹುಡುಗನದಕ್ಕೆ ಅವನ ಕಮಿ ಹೇಳಿದ್ದು ಬೇರೆ. "ಅಣ್ಣ, ಹಬ್ಬದ ದಿನ ತಂದೂರ್‌ನವನು ಬರದಿದ್ದಾಗ ನೀವೇ ನಾಲ್ಕು ಗಂಟೆ ನಿಂತಿದ್ದು ಬರೆದೇ ಇಲ್ಲ." ಎರಡನೇ ಮೆಟ್ಟಿಲಿನ ತಂದೂರ್ ಪಕ್ಕದಲ್ಲಿ ಅದನ್ನೂ ಸೇರಿಸಿ, ಆಮೇಲೆ ಕಳುಹಿಸಿದೆವು.